ಹತ್ತಿ ಸಮವಸ್ತ್ರಕ್ಕೆ ಗಂಜಿಯೋ, ಸ್ಪ್ರೇಯೋ, ಬರಿಯ ಹಬೆಯೋ: ಹಲವು ವರ್ಷಗಳ ಬಳಕೆಯ ನಂತರ

ನಮ್ಮ ಮನೆಯಲ್ಲಿ ವಾರವಿಡೀ ಇಸ್ತ್ರಿಯಾಗಬೇಕಾದ ಬಟ್ಟೆ ಮೂರು ಬಗೆಯದು: ಒಬ್ಬರ ದಪ್ಪ ಹತ್ತಿಯ ಖಾಕಿ, ಇನ್ನೊಬ್ಬರ ಆಸ್ಪತ್ರೆಯ ಬಿಳಿ ಸಮವಸ್ತ್ರ ಮತ್ತು ನನ್ನ ಕಚೇರಿಯ ತೆಳು ಹತ್ತಿ ಅಂಗಿಗಳು. ಊರು ಮಂಗಳೂರು, ಅಂದರೆ ಬೇಸಿಗೆಯಲ್ಲಿ ಬೆವರು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ. ಮನೆಯಲ್ಲಿ ಕಾಯಿಸಿದ ಗಂಜಿ, ತಣ್ಣೀರಿನಲ್ಲಿ ಕರಗುವ ಅಂಗಡಿಯ ಪುಡಿ, ಇಸ್ತ್ರಿಗೆ ಮುನ್ನ ಹೊಡೆಯುವ ಸ್ಪ್ರೇ, ಇಸ್ತ್ರಿಯೇ ಬೇಡವೆಂದು ಹೇಳಿಕೊಳ್ಳುವ ಸುಕ್ಕು ಬಿಡಿಸುವ ದ್ರಾವಣ ಮತ್ತು ಏನೂ ಬೆರೆಸದ ಹಬೆ, ಇವೆಲ್ಲವನ್ನೂ ಈ ಬಟ್ಟೆಗಳ ಮೇಲೆ ವರ್ಷಗಳಿಂದ ಬಳಸುತ್ತ ಬಂದ ಮೇಲೆ ನನಗೆ ಸ್ಪಷ್ಟವಾಗಿರುವುದು ಇಷ್ಟು: ಸುಕ್ಕನ್ನು ತೆಗೆಯುವುದು ನೀರು, ಶಾಖ ಮತ್ತು ಒತ್ತಡ, ಗಂಜಿಯ ಕೆಲಸ ಆ ನಂತರ ಬಟ್ಟೆಯ ಆಕಾರವನ್ನು ಹಿಡಿದಿಡುವುದು ಮಾತ್ರ. ದುಬಾರಿ ಸ್ಪ್ರೇ ತಂದು ನಿರಾಶರಾಗುವವರಲ್ಲಿ ಹೆಚ್ಚಿನವರು ಎರಡನೆಯದರಿಂದ ಮೊದಲನೆಯ ಕೆಲಸವನ್ನು ನಿರೀಕ್ಷಿಸಿರುತ್ತಾರೆ.

ಹತ್ತಿಯ ನಾರು ಸೆಲ್ಯುಲೋಸಿನ ಉದ್ದನೆಯ ಸರಪಳಿಗಳಿಂದಾದದ್ದು. ಆ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಹೈಡ್ರೋಜನ್ ಬಂಧಗಳು ನೀರು ತಾಗಿದಾಗ ಸಡಿಲಗೊಂಡು, ಬಟ್ಟೆ ಒಣಗುವಾಗ ಯಾವ ಸ್ಥಿತಿಯಲ್ಲಿರುತ್ತದೆಯೋ ಅದೇ ಸ್ಥಿತಿಯಲ್ಲಿ ಮತ್ತೆ ಬಿಗಿಯಾಗುತ್ತವೆ. ಹಿಂಡಿದಂತೆಯೇ ಒಣಗಿದ ಅಂಗಿ ಮುದುಡಿಕೊಂಡೇ ಉಳಿಯುವುದೂ, ಇಸ್ತ್ರಿ ಪೆಟ್ಟಿಗೆಯ ಕೆಳಗೆ ಒಣಗಿದ್ದು ನೇರವಾಗುವುದೂ ಇದೇ ಕಾರಣಕ್ಕೆ. ಆದ್ದರಿಂದ ಇಸ್ತ್ರಿಯಾದ ತಕ್ಷಣ, ಇನ್ನೂ ಬೆಚ್ಚಗಿರುವಾಗ, ತುಸು ತೇವವಿರುವಾಗಲೇ ಅಂಗಿ ತೊಟ್ಟು ಸ್ಕೂಟರ್ ಏರಿದರೆ ಬೆನ್ನಿನ ಮೇಲೆ ಹೊಸ ಸುಕ್ಕು ಅಚ್ಚೊತ್ತಿದ ಹಾಗೆ ಕೂರುತ್ತದೆ. ಹ್ಯಾಂಗರಿಗೆ ಹಾಕಿ ಪೂರ್ತಿ ಆರಲು ಬಿಟ್ಟರೆ ಅದೇ ಅಂಗಿ ಮಧ್ಯಾಹ್ನದವರೆಗೆ ಚೆನ್ನಾಗಿರುತ್ತದೆ, ಇದಕ್ಕೆ ಯಾವ ಖರ್ಚೂ ಇಲ್ಲ.

ಹಬೆಯ ವಿಷಯದಲ್ಲಿ ಎರಡು ಉಪಕರಣಗಳನ್ನು ಬೇರೆಬೇರೆಯಾಗಿಯೇ ನೋಡಬೇಕು. ತೂಗುಹಾಕಿದ ಬಟ್ಟೆಗೆ ಹಬೆ ಊದುವ ಸ್ಟೀಮರ್ ತೇವವನ್ನೂ ಶಾಖವನ್ನೂ ಕೊಡುತ್ತದೆ, ಒತ್ತಡವನ್ನು ಕೊಡುವುದಿಲ್ಲ. ನನ್ನ ತೆಳು ಅಂಗಿಗಳಿಗೆ, ಅದರಲ್ಲೂ ಪಾಲಿಯೆಸ್ಟರ್ ಬೆರೆತವುಗಳಿಗೆ, ಅದು ಸಾಕು. ಖಾಕಿಯ ಕಾಲರ್, ಗುಂಡಿಪಟ್ಟಿ ಮತ್ತು ಜೇಬಿನ ಮುಚ್ಚಳಗಳ ಮುಂದೆ ಮಾತ್ರ ಅದರ ಆಟ ನಡೆಯುವುದಿಲ್ಲ. ಹಲವು ಪದರ ಸೇರಿಸಿ ಹೊಲಿದ ಆ ಜಾಗಗಳು ಹಬೆ ಕುಡಿದು ಮೆತ್ತಗಾಗುತ್ತವೆಯೇ ಹೊರತು ಚಪ್ಪಟೆಯಾಗುವುದಿಲ್ಲ. ಸ್ಟೀಮ್ ಐರನ್ ಈ ಕೆಲಸವನ್ನು ಮಾಡುತ್ತದೆ. ನಮ್ಮ ಬೀದಿಯ ಇಸ್ತ್ರಿಯವರು ಹಬೆಯ ಸೌಕರ್ಯವೇ ಇಲ್ಲದೆ, ಬರೀ ನೀರು ಚಿಮುಕಿಸಿ, ಐದಾರು ಕಿಲೊ ತೂಗುವ ಇದ್ದಿಲಿನ ಪೆಟ್ಟಿಗೆಯಿಂದ ಅದಕ್ಕಿಂತಲೂ ಚೂಪಾದ ಗೆರೆ ತೆಗೆಯುವುದು ಆ ಭಾರದ ಬಲದಿಂದ. ಮನೆಯ ಹಗುರ ಪೆಟ್ಟಿಗೆಯವರು ಬಟ್ಟೆಗೆ ನೀರು ಚಿಮುಕಿಸಿ, ಸುತ್ತಿ, ಅರ್ಧ ಗಂಟೆ ಇಟ್ಟು, ತೇವ ಸಮನಾಗಿ ಹರಡಿದ ಮೇಲೆ ಇಸ್ತ್ರಿ ಮಾಡಿದರೆ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಸ್ಟೀಮ್ ಐರನ್ನಿಗೆ ಗಡಸಾದ ಬೋರ್‌ವೆಲ್ ನೀರು ತುಂಬುತ್ತ ಹೋದರೆ ಒಳಗೆ ಸುಣ್ಣ ಕಟ್ಟಿ, ರಂಧ್ರಗಳಿಂದ ಕಂದು ಹನಿಗಳು ಬಿಳಿ ಸಮವಸ್ತ್ರದ ಮೇಲೆ ಬೀಳತೊಡಗುತ್ತವೆ.

ಇನ್ನು ಗಂಜಿ. ಎರಡು ಜೊತೆ ಖಾಕಿಗೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಅರ್ಧ ಲೀಟರ್ ಕುದಿಯುವ ನೀರಿಗೆ ಸುರಿದು, ಹಾಲಿನಂಥ ಬಿಳುಪು ಹೋಗಿ ಅರೆಪಾರದರ್ಶಕವಾಗುವ ತನಕ ಕೈಯಾಡಿಸುತ್ತೇವೆ. ಆಮೇಲೆ ತಣ್ಣೀರು ಬೆರೆಸಿ ಒಟ್ಟು ಎರಡು ಲೀಟರಿನಷ್ಟು ಮಾಡಿ, ತೆಳು ಬಟ್ಟೆಯಲ್ಲಿ ಸೋಸುತ್ತೇವೆ. ಈ ಕಾಯಿಸುವಿಕೆಯನ್ನು ಅವಸರದಲ್ಲಿ ಮುಗಿಸುವಂತಿಲ್ಲ. ಪಿಷ್ಟದ ಕಣಗಳು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಹೀರಿ ಉಬ್ಬಿದ ಮೇಲೆಯೇ ನಾರಿನ ಮೇಲೆ ಪೊರೆಯಾಗುತ್ತವೆ. ಅರೆಬೆಂದದ್ದು ಮೇಲ್ಮೈಯಲ್ಲೇ ಕುಳಿತು, ಇಸ್ತ್ರಿಯ ಹೊತ್ತಿಗೆ ಖಾಕಿಯ ಮೇಲೆ ಬಿಳಿಯ ಹೊಟ್ಟಾಗಿ ಏಳುತ್ತದೆ. ಒಗೆದು ಹಿಂಡಿದ ಬಟ್ಟೆಯನ್ನು ಅದ್ದಿ, ಮತ್ತೆ ಹಿಂಡಿ, ಜಾಡಿಸಿ ಒಣಗಿಸಿ, ಇಸ್ತ್ರಿಗೆ ಮುನ್ನ ಮೊದಲಿನಂತೆಯೇ ತೇವ ಕೊಡಬೇಕು. ರಿವೈವ್‌ನಂಥ ಪುಡಿ ಈ ಒಲೆಯ ಕೆಲಸವನ್ನು ತಪ್ಪಿಸುತ್ತದೆ, ಫಲಿತಾಂಶದಲ್ಲಿ ನನಗೆ ಹೇಳುವಂಥ ಅಂತರ ಕಂಡಿಲ್ಲ.

ಗಂಜಿ ಹಾಕಿದ ಬಟ್ಟೆಯನ್ನು ಖಾಕಿಯಾದರೆ ಒಳಮಗ್ಗುಲಿನಿಂದ ಇಸ್ತ್ರಿ ಮಾಡಬೇಕು, ಹೊರಮೈ ಮೇಲೆ ಉಜ್ಜಿದರೆ ಹೊಲಿಗೆಗಳ ಉಬ್ಬಿನಲ್ಲಿ ಹೊಳಪು ಬಂದು ಹಳತಾಗಿ ಕಾಣುತ್ತದೆ. ಕಾಲರನ್ನು ತುದಿಗಳಿಂದ ನಡುವಿಗೆ ತಳ್ಳುತ್ತ ಬರಬೇಕು, ಇಲ್ಲವಾದರೆ ತುದಿಯಲ್ಲಿ ನಿರಿಗೆ ಸೇರಿಕೊಂಡು ಅಲ್ಲೇ ಗಟ್ಟಿಯಾಗುತ್ತದೆ. ಪ್ಯಾಂಟಿನ ಗೆರೆಯನ್ನು ಮಾತ್ರ ಹೊರಗಿನಿಂದ, ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಬೇಕು. ಪೆಟ್ಟಿಗೆ ಅಂಟುತ್ತಿದ್ದರೆ ಗಂಜಿ ಇನ್ನೂ ಹಸಿಯಾಗಿದೆ ಎಂದರ್ಥ. ಸುಟ್ಟ ರೊಟ್ಟಿಯ ವಾಸನೆ ಬಂದರೆ ಶಾಖ ಹೆಚ್ಚಾಗಿದೆ. ಹತ್ತಿಗೆಂದು ಮೂರು ಚುಕ್ಕೆಯ ಗುರುತು 200 ಡಿಗ್ರಿಯವರೆಗೆ ಅನುಮತಿ ಕೊಟ್ಟರೂ ಗಂಜಿ ಅದಕ್ಕೆ ಮೊದಲೇ ಹಳದಿಗೆ ತಿರುಗಬಲ್ಲದು, ಬಿಳಿ ಸಮವಸ್ತ್ರಕ್ಕೆ ಒಂದು ಹಂತ ಇಳಿಸುವುದು ಒಳ್ಳೆಯದು.

ಪೂರ್ತಿ ಹಬೆಯಲ್ಲೇ ಇಸ್ತ್ರಿಯಾದ ಖಾಕಿಗೂ ಗಂಜಿಯ ಖಾಕಿಗೂ ಸಂಜೆಯ ಹೊತ್ತಿಗೆ ಕಾಣುವ ವ್ಯತ್ಯಾಸ ಸರಳವಲ್ಲ. ಗಂಜಿಯದು ಬೆನ್ನಿನಲ್ಲಿ, ಎದೆಯಲ್ಲಿ ನೇರವಾಗಿ ನಿಂತಿರುತ್ತದೆ, ಪ್ಯಾಂಟಿನ ಮುಂಗೆರೆ ಹಾಗೆಯೇ ಇರುತ್ತದೆ. ಆದರೆ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಪೊರೆ ಮುರಿದು ಒಂದೊಂದೇ ಆಳವಾದ ಗೆರೆ ಬಿದ್ದಿರುತ್ತದೆ, ರಾತ್ರಿಯೆಲ್ಲ ತೂಗುಹಾಕಿದರೂ ಅದು ಹೋಗದು. ಹಬೆಯದರಲ್ಲಿ ಸುಕ್ಕು ಹೆಚ್ಚು, ಆದರೆ ಎಲ್ಲವೂ ಮೃದು, ಬೆಳಿಗ್ಗೆ ಒಂದೆರಡು ಸಲ ಪೆಟ್ಟಿಗೆ ಆಡಿಸಿದರೆ ಮುಗಿಯಿತು. ದಿನವಿಡೀ ನಿಂತೇ ಇರುವ ಕೆಲಸಕ್ಕೆ ಗಂಜಿ, ಜೀಪಿನಲ್ಲೋ ಮೇಜಿನ ಮುಂದೆಯೋ ಕೂರುವ ಕೆಲಸಕ್ಕೆ ಹಬೆ ಎಂಬ ನಮ್ಮ ಏರ್ಪಾಡು ಇದರಿಂದ ಬಂದದ್ದು. ಗಂಜಿ ಬಟ್ಟೆಯೊಳಗೆ ಗಾಳಿಯಾಡುವುದು ಕಡಿಮೆ ಎಂಬುದನ್ನು ಏಪ್ರಿಲ್‌ನಲ್ಲಿ ಯಾರೂ ಮರೆಯುವಂತಿಲ್ಲ. ಮಳೆಗಾಲದಲ್ಲಂತೂ ಗಂಜಿ ಗಾಳಿಯ ತೇವವನ್ನೇ ಹೀರಿ ಮೆತ್ತಗಾಗುವುದರಿಂದ ಪಟ್ಟ ಶ್ರಮ ಬಸ್‌ಸ್ಟ್ಯಾಂಡಿನವರೆಗೂ ಉಳಿಯುವುದಿಲ್ಲ.

ಇಸ್ತ್ರಿ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ತುಸು ಗಂಜಿ ಅಥವಾ ಪಾಲಿಮರ್, ಪೆಟ್ಟಿಗೆ ಜಾರಲು ಸಿಲಿಕೋನ್, ಪರಿಮಳ. ಇಡೀ ಅಂಗಿಗೆ ಹೊಡೆಯುವುದು ಹಣ ಪೋಲು. ಕಾಲರ್, ಕಫ್, ಗುಂಡಿಪಟ್ಟಿಗಳಿಗೆ ಹೊಡೆದು, ಒಳಗೆ ಇಳಿಯಲು ಅರೆಕ್ಷಣ ಬಿಟ್ಟು ಇಸ್ತ್ರಿ ಮಾಡಿದರೆ ಬಿಳಿ ಸಮವಸ್ತ್ರಕ್ಕೆ ಬೇಕಾದಷ್ಟು ಬಿಗಿ ಸಿಗುತ್ತದೆ, ಉಳಿದ ಭಾಗ ಮೆತ್ತಗೆ ಹಾಯಾಗಿರುತ್ತದೆ. ಡಬ್ಬಿಯಲ್ಲಿ ಉರಿಯುವ ಅನಿಲ ತುಂಬಿರುವ ಬಗೆಯದನ್ನು ಬಿಸಿ ಪೆಟ್ಟಿಗೆಯಿಂದ ದೂರ ಹೊಡೆಯಬೇಕು. ಸಿಲಿಕೋನ್ ಹನಿ ಗ್ರಾನೈಟ್ ನೆಲದ ಮೇಲೆ ಬಿದ್ದರೆ ಕಾಲು ಜಾರುವುದು ಖಂಡಿತ; ನಾವು ಕೆಳಗೊಂದು ಹಳೆಯ ಚಾದರ ಹಾಸುತ್ತೇವೆ.

ಸುಕ್ಕು ಬಿಡಿಸುವ ದ್ರಾವಣದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಾರನ್ನು ತೇವಗೊಳಿಸಿ ಜಾರುವಂತೆ ಮಾಡುವುದೇ ಅದರ ಕೆಲಸ, ಎಳೆದು ನೇರ ಮಾಡಬೇಕಾದವರು ನಾವು. ಪ್ರಯಾಣದಲ್ಲಿ, ಪೆಟ್ಟಿಗೆ ಸಿಗದ ಕಡೆ, ತೆಳು ಅಂಗಿಗೆ ಅದು ನಿಜಕ್ಕೂ ಉಪಯುಕ್ತ. ಖಾಕಿಗೆ ನಿಷ್ಪ್ರಯೋಜಕ, ಪ್ಯಾಂಟಿಗೆ ಗೆರೆಯಂತೂ ಬರುವುದೇ ಇಲ್ಲ. ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಬಟ್ಟೆಯ ಕಂಡಿಷನರ್ ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಂಡರೆ ನನ್ನ ಅಂಗಿಗಳ ಮಟ್ಟಿಗೆ ಸುಮಾರಾಗಿ ಅದೇ ಕೆಲಸ ಆಗುತ್ತದೆ, ಆದ್ದರಿಂದ ಅಂಗಡಿಯದನ್ನು ಮತ್ತೆ ತರಲಿಲ್ಲ.

ಗಂಜಿ ಬಳಸುವವರು ಬಟ್ಟೆ ಎತ್ತಿಡುವಾಗ ಎಚ್ಚರವಾಗಿರಬೇಕು. ಪಿಷ್ಟವೆಂದರೆ ಬೆಳ್ಳಿಮೀನು ಹುಳಕ್ಕೆ ಆಹಾರ, ತೇವ ಸೇರಿದರೆ ಬೂಷ್ಟಿಗೂ ಆಹಾರ. ಮೇಲಾಗಿ ಗಂಜಿಯಿಟ್ಟ ಬಟ್ಟೆಯನ್ನು ಬಹುಕಾಲ ಒಂದೇ ಮಡಿಕೆಯಲ್ಲಿಟ್ಟರೆ ಆ ಗೆರೆಯಲ್ಲೇ ಎಳೆ ಸವೆದು ಹರಿಯತೊಡಗುತ್ತದೆ. ಜೂನ್ ಹತ್ತಿರವಾಗುತ್ತಿದ್ದಂತೆ ಕಪಾಟಿಗೆ ಹೋಗಬೇಕಾದ ಖಾಕಿಯನ್ನು ಬೆಚ್ಚಗಿನ ನೀರಿನಲ್ಲಿ ಒಗೆದು, ಗಂಜಿ ಪೂರ್ತಿ ಬಿಟ್ಟಿದೆಯೇ ಎಂದು ಕಾಲರನ್ನು ಬೆರಳಲ್ಲಿ ಹಿಸುಕಿ ನೋಡಿ, ಇಸ್ತ್ರಿ ಮಾಡದೆಯೇ ಇಡುವುದು ನಮ್ಮ ಪದ್ಧತಿ.