ಮುಷ್ಕರದ ದಿನ ಲೆಕ್ಕಕ್ಕಿಲ್ಲ ಅಂತ ಫೋನಿನಲ್ಲಿ ಹೇಳಿದರೆ ನಂಬಬೇಡಿ

ಬರೆಯಲೋ ಬೇಡವೋ ಅಂತ ಮೂರು ದಿನ ಒದ್ದಾಡಿದ್ದೇನೆ. ನಾಚಿಕೆಯಾಗುತ್ತದೆ. ಆದರೆ ಇವತ್ತು ಬೆಳಿಗ್ಗೆ ಶಿಪ್ಪಿಂಗ್ ಲೈನಿನವರ ಕೊನೆಯ ಮೇಲ್ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಸರಕು ಫಾರ್ವರ್ಡಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದವರು ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಾನು ಸೇರಿ ಎಂಟು ತಿಂಗಳು. ಇದು ನನ್ನೊಬ್ಬನ ಕೈಗೆ ಕೊಟ್ಟ ಮೊದಲ ಫೈಲು. ಒಂದು 40 ಅಡಿ ಕಂಟೇನರ್, ಒಳಗೆ ಯಂತ್ರದ ಬಿಡಿಭಾಗ. ಹಡಗಿನಿಂದ ಇಳಿದದ್ದು 4ನೇ ತಾರೀಕು. ಲೈನಿಗೆ ದುಡ್ಡು ಕೊಡದೆ ಕಂಟೇನರ್ ಇಟ್ಟುಕೊಳ್ಳುವ ಫ್ರೀ ಡೇಸ್ ಇಳಿದ ದಿನವೂ ಸೇರಿ ಐದು, ಅಂದರೆ 8ರವರೆಗೆ. ಅದು ಮೀರಿದರೆ ದಿನದ ಲೆಕ್ಕದಲ್ಲಿ ಲೈನಿನವರು ಹಾಕುವುದೇ ಡೆಮರೇಜ್. 6ರಿಂದ ಮುಷ್ಕರ ಅಂತ ಬಂದರಿನ ಕಾರ್ಮಿಕರು ಮೊದಲೇ ನೋಟಿಸ್ ಕೊಟ್ಟಿದ್ದರು. ಗೊತ್ತಿಲ್ಲದ ವಿಷಯವಲ್ಲ. ನನ್ನ ಕೈಯಲ್ಲಿ ಇನ್ನೂ ಎರಡು ದಿನ ಇತ್ತು.

ಕಂಟೇನರ್ ಬಿಡಿಸಿಕೊಳ್ಳಲು ಲೈನಿನವರು ಕೊಡುವ ಡೆಲಿವರಿ ಆರ್ಡರ್, ಅಂದರೆ ಡಿಒ, 5ರ ಬೆಳಿಗ್ಗೆ ತೆಗೆದುಕೊಳ್ಳಬೇಕು ಅಂತ ಲೈನಿನ ಇಂಪೋರ್ಟ್ ಡೆಸ್ಕಿಗೆ ಫೋನ್ ಮಾಡಿದೆ. ಅಲ್ಲಿದ್ದವರು ತುಂಬಾ ನಯವಾಗಿ ಮಾತಾಡಿದರು.

"ಈಗ ಯಾಕೆ ತಗೋತೀರಿ? ಡಿಒ ಡೇಟು 8ಕ್ಕೆ ಮುಗಿಯುತ್ತೆ. ಗೇಟು ಮುಚ್ಚಿರುತ್ತೆ. ಆಮೇಲೆ ಮತ್ತೆ ಬಂದು ಡೇಟು ಹಾಕಿಸ್ಕೋಬೇಕು. ಸುಮ್ನೆ ಡಬಲ್ ಕೆಲಸ ಅಲ್ವಾ?"

"ಡೆಮರೇಜ್ ಬೀಳಲ್ವಾ ಸರ್?"

"ಮುಷ್ಕರದ ದಿನ ಲೆಕ್ಕಕ್ಕಿಲ್ಲ. ಸರ್ಕ್ಯುಲರ್ ಬಂದಿದೆ, ಕಳಿಸ್ತೀನಿ."

ಹತ್ತು ನಿಮಿಷದಲ್ಲಿ ನನ್ನ ಮೊಬೈಲಿಗೆ ಸರ್ಕ್ಯುಲರಿನ ಫೋಟೋ ಬಂತು. ಸೀಲು, ಸಹಿ, ಎಲ್ಲಾ ಇತ್ತು. ಮುಷ್ಕರದ ದಿನಗಳಿಗೆ ಬಾಡಿಗೆ ಹಾಕುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ನನಗೆ ಅಷ್ಟು ಸಾಕಾಯಿತು. ನಮ್ಮ ಇಂಪೋರ್ಟರಿಗೆ ಅದನ್ನೇ ಕಳಿಸಿ, "ಕಸ್ಟಮ್ಸ್ ಡ್ಯೂಟಿ ಈಗಲೇ ಕಟ್ಟಬೇಡಿ ಸರ್, ಮುಷ್ಕರ ಮುಗಿಯಲಿ" ಅಂತ ಹೇಳಿದೆ. ಅವರ ದುಡ್ಡು ಸುಮ್ಮನೆ ಸಿಕ್ಕಿಕೊಳ್ಳದಿರಲಿ ಅಂತ ಹಾಗೆ ಹೇಳಿದ್ದು. ಈಗ ಆ ಮಾತು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮುಷ್ಕರ 14ರ ಸಂಜೆ ಮುಗಿಯಿತು. 15ಕ್ಕೆ ಡ್ಯೂಟಿ ಕಟ್ಟಿಸಿದೆ. ಲಾರಿಗೆ ಟರ್ಮಿನಲ್ ಸ್ಲಾಟ್ ಕೇಳಿದರೆ 19ರವರೆಗೆ ಒಂದೂ ಖಾಲಿ ಇಲ್ಲ. ಒಂಬತ್ತು ದಿನದ ಕಂಟೇನರ್‌ಗಳೆಲ್ಲ ಒಟ್ಟಿಗೆ ಹೊರಗೆ ಹೋಗಬೇಕಲ್ಲ. ಮುಷ್ಕರ ಮುಗಿದ ದಿನ ತೊಂದರೆ ಮುಗಿಯುವುದಿಲ್ಲ, ಇದನ್ನೂ ಯಾರೂ ನನಗೆ ಹೇಳಿರಲಿಲ್ಲ. 19ರ ಸ್ಲಾಟ್ ಹಿಡಿದುಕೊಂಡು, 16ರಂದು ಡಿಒಗೆ ಲೈನಿನ ಆಫೀಸಿಗೆ ಹೋದೆ.

ಕೌಂಟರಿನಲ್ಲಿ ಬಿಲ್ಲನ್ನು ಪ್ರಿಂಟ್ ತೆಗೆದು ನನ್ನ ಮುಂದೆ ಇಟ್ಟರು. 9ರಿಂದ 19, ಹನ್ನೊಂದು ದಿನ. ಒಂದು ದಿನವನ್ನೂ ಬಿಟ್ಟಿರಲಿಲ್ಲ. ಮೊದಲ ನಾಲ್ಕು ದಿನಕ್ಕೆ ಒಂದು ದರ, ಆಮೇಲಿನ ಏಳು ದಿನಕ್ಕೆ ಅದರ ಎರಡರಷ್ಟು. ಕೂಡಿಸಿ ನೋಡಿದರೆ ಹನ್ನೊಂದು ದಿನಕ್ಕೆ ಹದಿನೆಂಟು ದಿನದ ದುಡ್ಡು. ನಾನು ಮೊಬೈಲ್ ತೆಗೆದು ಸರ್ಕ್ಯುಲರ್ ತೋರಿಸಿದೆ. ಆ ಮೇಡಂ ಸ್ಕ್ರೀನನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ, ಮೇಲಿದ್ದ ಹೆಸರಿನ ಮೇಲೆ ಪೆನ್ನು ಇಟ್ಟರು.

"ಇದು ಟರ್ಮಿನಲ್‌ನವರ ಸರ್ಕ್ಯುಲರ್. ಅವರ ಜಾಗದ ಬಾಡಿಗೆ ಬಿಟ್ಟಿದ್ದಾರೆ. ನಮ್ಮದು ಡೆಮರೇಜ್. ಬೇರೆ."

ಆ ಕ್ಷಣ ನನಗೆ ಕಿವಿ ಬಿಸಿಯಾಯಿತು. ಹಿಂದೆ ಸಾಲಿನಲ್ಲಿ ಹತ್ತು ಜನ ನಿಂತಿದ್ದರು. ಬೇರೆ ಅಂತ ನನಗೂ ಗೊತ್ತು! ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದೇ ಅದು. ಜಾಗ ಟರ್ಮಿನಲ್‌ನವರದು, ಪೆಟ್ಟಿಗೆ ಲೈನಿನವರದು. ಜಾಗದ ಬಾಡಿಗೆ ಒಬ್ಬರಿಗೆ, ಪೆಟ್ಟಿಗೆ ಹಿಡಿದಿಟ್ಟುಕೊಂಡ ದುಡ್ಡು ಇನ್ನೊಬ್ಬರಿಗೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಬಿಡಬೇಕು ಅಂತ ಏನೂ ಇಲ್ಲ. ಗೊತ್ತಿದ್ದೂ ನಾನು ಕಾಗದದ ತಲೆಬರಹ ನೋಡಿರಲಿಲ್ಲ. ಯಾಕೆಂದರೆ ಅದನ್ನು ಕಳಿಸಿದ್ದೇ ಲೈನಿನವರು. ಅವರೇ ಕಳಿಸಿದ ಮೇಲೆ ಅದು ಅವರ ಡೆಮರೇಜಿನ ಮಾತೇ ಅಂದುಕೊಂಡೆ. ಬೇರೆಯವರ ಕಾಗದ ತೋರಿಸಿ ತಮ್ಮ ದುಡ್ಡಿನ ಬಗ್ಗೆ ಧೈರ್ಯ ಹೇಳುವುದು ಮೋಸ ಅಲ್ಲದೆ ಮತ್ತೇನು?

ಸ್ಲಾಟ್ ತಪ್ಪಿದರೆ ದಿನ ಇನ್ನೂ ಜಾಸ್ತಿಯಾಗುತ್ತದೆ ಅಂತ ಬಾಸ್‌ಗೆ ಹೇಳಿ ದುಡ್ಡು ಕಟ್ಟಿಸಿದೆ. 19ಕ್ಕೆ ಕಂಟೇನರ್ ಹೊರಗೆ ಬಂತು. ಆಮೇಲೆ ಕಡಿಮೆ ಮಾಡಿ ಅಂತ ಮೇಲ್ ಮೇಲೆ ಮೇಲ್ ಹಾಕಿದೆ.

ಮೊದಲ ಉತ್ತರ: ಫ್ರೀ ಡೇಸ್ ಅಂದರೆ ಕ್ಯಾಲೆಂಡರ್ ದಿನ, ಮುಷ್ಕರ ನಮ್ಮ ಕೈಮೀರಿದ್ದು. ನಿಮ್ಮ ಕೈಮೀರಿದ್ದು ನನ್ನ ಕೈಯಲ್ಲಿತ್ತಾ ಸ್ವಾಮಿ?

ಎರಡನೇ ಉತ್ತರ ನನಗೆ ಜಾಸ್ತಿ ನೋವು ಕೊಟ್ಟದ್ದು. ಮುಷ್ಕರದ ದಿನಗಳಲ್ಲಿ ನಿಮ್ಮ ಡಿಒ ಆಗಿರಲಿಲ್ಲ, ಕಸ್ಟಮ್ಸ್ ಕ್ಲಿಯರೆನ್ಸ್ ಆಗಿರಲಿಲ್ಲ. ಗೇಟು ತೆರೆದಿದ್ದರೂ ನೀವು ಕಂಟೇನರ್ ಒಯ್ಯುವ ಸ್ಥಿತಿಯಲ್ಲಿ ಇರಲಿಲ್ಲ, ಆದ್ದರಿಂದ ತಡವಾದದ್ದು ಮುಷ್ಕರದಿಂದ ಅಲ್ಲ ಅಂತ ಬರೆದಿದ್ದರು. ಡಿಒ ಬೇಡ ಅಂದವರೇ ಅವರು! ಆದರೆ ಅದು ಫೋನಿನಲ್ಲಿ ಆಡಿದ ಮಾತು. ನಾನು ಅದನ್ನೇ ಕೇಳಿದಾಗ ಬಂದ ಉತ್ತರ, "ಅಂಥ ಭರವಸೆ ನಮ್ಮ ದಾಖಲೆಯಲ್ಲಿ ಇಲ್ಲ." ಸರ್ಕ್ಯುಲರಿನ ಫೋಟೋ ಬಂದಿದ್ದಕ್ಕೆ ಸಾಕ್ಷಿ ಇದೆಯಲ್ಲ ಅಂದರೆ, "ಅದು ಮಾಹಿತಿಗೆ ಕಳಿಸಿದ್ದು."

ಇವತ್ತಿನ ಮೇಲ್‌ನಲ್ಲಿ ಒಂದೇ ಸಾಲು. ಈ ವಿಷಯ ಮುಗಿದಿದೆ ಅಂತ.

ನಮ್ಮ ಪಕ್ಕದ ಟೇಬಲಿನ ಸೀನಿಯರ್ ಇದೇ ಹಡಗಿನ ಎರಡು ಕಂಟೇನರ್ ನೋಡಿಕೊಳ್ಳುತ್ತಿದ್ದರು. ಅವರಿಗೆ 5ಕ್ಕೆ ಲಾರಿ ಸಿಕ್ಕಿರಲಿಲ್ಲ. ಆದರೆ ಅವರು ಡ್ಯೂಟಿ ಕಟ್ಟಿಸಿ, ಡಿಒ ತೆಗೆದು, ಮುಷ್ಕರದ ಪ್ರತಿ ದಿನ ಸ್ಲಾಟ್ ಕೇಳಿ "ಲಭ್ಯವಿಲ್ಲ" ಅಂತ ಬಂದ ಪರದೆಯ ಫೋಟೋ ತೆಗೆದು ಲೈನಿಗೆ ಮೇಲ್ ಹಾಕಿದ್ದರು. ಅವರಿಗೆ ಆರು ದಿನ ಬಿಟ್ಟುಕೊಟ್ಟರು. 9ರಿಂದ 14. ಅದೇ ಲೈನು, ಅದೇ ಬಂದರು, ಅದೇ ಮುಷ್ಕರ.

ಹಾಗಾಗಿ ಹೇಳುತ್ತಿದ್ದೇನೆ. ಮುಷ್ಕರದ ನೋಟಿಸ್ ಕಂಡ ಕೂಡಲೇ ಡ್ಯೂಟಿ ಕಟ್ಟಿಸಿ, ಡಿಒ ತೆಗೆಯಿರಿ. ಆಮೇಲೆ ಡೇಟು ಮುಂದಕ್ಕೆ ಹಾಕಿಸುವ ಕೆಲಸ ಬಂದರೂ ಬರಲಿ, ಗೇಟು ಮುಚ್ಚಿದ್ದಕ್ಕೇ ನಾನು ನಿಂತೆ ಅಂತ ತೋರಿಸಲು ಅದೊಂದೇ ದಾರಿ. ಫೋನಿನಲ್ಲಿ ಏನು ಹೇಳಿದರೂ ಐದು ನಿಮಿಷದಲ್ಲಿ "ನೀವು ಹೀಗೆ ಹೇಳಿದಿರಿ, ಸರಿ ತಾನೇ" ಅಂತ ಮೇಲ್ ಹಾಕಿ. ನಯವಾಗಿ ಮಾತಾಡುವವರಿಗಂತೂ ತಪ್ಪದೆ ಹಾಕಿ.

ಇಂಪೋರ್ಟರ್ ನನಗೆ ಬೈಯಲಿಲ್ಲ. "ನೀವು ಹೇಳಿದ್ದಕ್ಕೇ ಅಲ್ವಾ ನಾನು ಕಾದಿದ್ದು?" ಅಂತ ಮಾತ್ರ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಡೆಮರೇಜಿನಲ್ಲಿ ಅರ್ಧ ನಮ್ಮ ಕಂಪನಿ ಹೊತ್ತುಕೊಂಡಿತು.

ಇವತ್ತು ಖಾಲಿ ಕಂಟೇನರ್ ವಾಪಸ್ ಕೊಡಲು ಹೋದರೆ ಡಿಪೋ ತುಂಬಿದೆ ಅಂತ ಲಾರಿಯನ್ನು ಹಿಂದಕ್ಕೆ ಕಳಿಸಿದರು. ಕಂಟೇನರ್ ವಾಪಸ್ ಕೊಡುವುದು ತಡವಾದರೆ ಲೈನಿನವರು ಹಾಕುವ ಡಿಟೆನ್ಷನ್ ಇದಕ್ಕೆ ಓಡುತ್ತದೆ. ಡೆಸ್ಕಿಗೆ ಫೋನ್ ಮಾಡಿದರೆ ಅದೇ ದನಿ, "ಪರವಾಗಿಲ್ಲ, ನಾಳೆ ಬನ್ನಿ, ಇವತ್ತಿನ ದಿನ ಹಾಕಲ್ಲ." ಡಿಪೋ ಗೇಟಿನಲ್ಲಿ ಲಾರಿ ನಿಂತ ಫೋಟೋ, ಕಂಟೇನರ್ ನಂಬರ್, ಸಮಯ, ಎಲ್ಲಾ ಸೇರಿಸಿ ಆಗಲೇ ಮೇಲ್ ಹಾಕಿದೆ. ಇವತ್ತಿನ ದಿನ ಹಾಕುವುದಿಲ್ಲ ಅಂತ ಬರೆದು ಕಳಿಸಿ ಅಂದೆ. ನಾಲ್ಕು ಗಂಟೆಯಾಯಿತು, ಇನ್ನೂ ಉತ್ತರವಿಲ್ಲ. ಅರ್ಧ ಗಂಟೆಗೊಮ್ಮೆ ಅದೇ ಮೇಲ್ ಮತ್ತೆ ಕಳಿಸುತ್ತಿದ್ದೇನೆ.