ತೂತಿನ ಫೋಟೋ ಕೇಳದೆ ತಗೊಂಡ ಏಳು ಮುಖಿ ರುದ್ರಾಕ್ಷಿ

ಅಪ್ಪನಿಗೆ ಅರವತ್ತು ತುಂಬಿತು. ಏನಾದರೂ ಕೊಡಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಕೊರಳಲ್ಲಿ ಲಿಂಗದ ಜೊತೆ ರುದ್ರಾಕ್ಷಿಯೂ ಇರುತ್ತದೆ. ಅಪ್ಪನ ಹತ್ತಿರ ಇದ್ದದ್ದು ಹಳೆಯ ಐದು ಮುಖಿ, ಅಂದರೆ ಕಾಯಿಯ ಮೈಮೇಲೆ ಐದು ಗೆರೆ ಇರುವುದು. ಏಳು ಮುಖಿ ಒಂದು, ಜೊತೆಗೆ ಜಪಕ್ಕೆ ಶ್ರೀಗಂಧದ ಮಾಲೆ ಒಂದು ತರೋಣ ಅಂದುಕೊಂಡೆ. ಕೊಪ್ಪಳದಲ್ಲೇ ಕುಳಿತು ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಎರಡನ್ನೂ ತರಿಸಿದೆ. ರುದ್ರಾಕ್ಷಿಗೆ 2,800 ರೂಪಾಯಿ, ಮಾಲೆಗೆ 1,400. ಎರಡರಲ್ಲೂ ಮೋಸ ಹೋದೆ. ಮಾರಿದವರ ಹೆಸರು ಇಲ್ಲಿ ಬೇಡ. ನಾನು ಆ ಫೋಟೋಗಳಲ್ಲಿ ಏನನ್ನು ನೋಡಲಿಲ್ಲ ಅನ್ನೋದನ್ನ ಮಾತ್ರ ಹೇಳುತ್ತೇನೆ.

ಅವರು ಕಳಿಸಿದ್ದು ರುದ್ರಾಕ್ಷಿಯ ಮೂರು ಫೋಟೋ, ಮೂರೂ ಪಕ್ಕದಿಂದ ತೆಗೆದವು. ಕೆಂಪು ಬಟ್ಟೆ, ಹಿಂದೆ ದೀಪ, ಕಾಯಿಗೆ ಎಣ್ಣೆ ಸವರಿ ಹೊಳೆಯುವ ಹಾಗೆ ಮಾಡಿದ್ದರು. ಗೆರೆಗಳು ಸ್ಪಷ್ಟವಾಗಿಯೇ ಇದ್ದವು. ಪಕ್ಕದಿಂದ ನೋಡಿದರೆ ಒಂದು ಸಲಕ್ಕೆ ಮೂರು ಗೆರೆಗಿಂತ ಹೆಚ್ಚು ಕಾಣುವುದು ಕಷ್ಟ. ನಾನು ಎಣಿಸಲೂ ಇಲ್ಲ, ಅವರು ಏಳು ಅಂದರು, ನಾನು ಹೂಂ ಅಂದೆ.

ಕಾಯಿ ಬಂದ ದಿನ ಒಂದು ಲೋಟ ನೀರಿಗೆ ಹಾಕಿದೆ. ಮುಳುಗಿತು. ಅಸಲಿ ಅಂತ ಖುಷಿಪಟ್ಟೆ. ನೀರಿನ ಪರೀಕ್ಷೆ ಎಷ್ಟು ಕೆಲಸಕ್ಕೆ ಬಾರದ್ದು ಅಂತ ಆಮೇಲೆ ಗೊತ್ತಾಯಿತು. ನನಗೆ ಬಂದದ್ದು ನಿಜವಾದ ರುದ್ರಾಕ್ಷಿ ಕಾಯಿಯೇ, ಹಾಗಾಗಿ ಮುಳುಗಿತು. ಮೋಸ ಇದ್ದದ್ದು ಮುಖಗಳಲ್ಲಿ. ಇನ್ನೊಂದು ಕಡೆ, ಚೆನ್ನಾಗಿ ಒಣಗಿದ ಅಸಲಿ ಕಾಯಿ ತೇಲಲೂಬಹುದು.

ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ನನ್ನ ಗೆಳೆಯನ ತಂದೆ ಒಬ್ಬರಿದ್ದಾರೆ, ನಾನು ಕಾಕಾ ಅಂತೀನಿ. ಅವರ ಮನೆಗೆ ಹೋದಾಗ ಸುಮ್ನೆ ತೋರಿಸಿದೆ. ಕಾಕಾ ಕಾಯಿಯನ್ನು ನೆಟ್ಟಗೆ ಹಿಡಿದು, ಮೇಲಿನ ತೂತನ್ನೇ ನೋಡಿದರು. ಪಕ್ಕಕ್ಕೆ ತಿರುಗಿಸಲೂ ಇಲ್ಲ.

"ತಮ್ಮಾ, ಇದರಾಗ ಎರಡು ಗೆರಿ ಕೈಲೆ ಕೊರದಾರ" ಅಂದರು.

ಅವರು ತೋರಿಸಿದ ಮೇಲೆ ನನಗೂ ಕಂಡಿತು. ರುದ್ರಾಕ್ಷಿಯ ಗೆರೆ ಅಂದರೆ ಒಳಗಿನ ಬೀಜದ ಕೋಣೆಗೆ ನೇರವಾಗಿ ಹೊರಗೆ ಕಾಣುವ ಸಂದು, ಒಂದು ಗೆರೆಗೆ ಒಂದು ಕೋಣೆ. ಅದು ಒಂದು ತೂತಿನ ಬಾಯಿಂದ ಶುರುವಾಗಿ ಇನ್ನೊಂದು ತೂತಿನವರೆಗೆ ಹೋಗಬೇಕು. ಕಾಯಿಯ ಮೈಯೇ ಗೆರೆಯ ಕಡೆಗೆ ನಿಧಾನವಾಗಿ ಇಳಿದಿರುತ್ತದೆ, ಎರಡೂ ಕಡೆಯ ಉಬ್ಬುಗಳು ಗೆರೆಯ ಅಂಚಿಗೆ ಬಂದು ಬಾಗಿ ನಿಲ್ಲುತ್ತವೆ. ಗೆರೆಯ ಅಗಲವೂ ಒಂದೇ ಸಮ ಇರುವುದಿಲ್ಲ. ನನ್ನ ಕಾಯಿಯಲ್ಲಿ ಐದು ಗೆರೆ ಹಾಗೇ ಇದ್ದವು. ಉಳಿದ ಎರಡು ಗೆರೆ ಉಬ್ಬುಗಳನ್ನೇ ನಡುವೆ ಸೀಳಿಕೊಂಡು ಹೋಗಿದ್ದವು, ಅರ್ಧ ಉಬ್ಬು ಈ ಕಡೆ, ಅರ್ಧ ಆ ಕಡೆ. ಮೇಲಿಂದ ಕೆಳಗೆ ಒಂದೇ ಅಗಲ. ಅವೆರಡರಲ್ಲಿ ಒಂದು ಗೆರೆ ತೂತಿಗೆ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು.

ಇನ್ನೊಂದು ಸುಳಿವು ಗೆರೆಗಳ ನಡುವಿನ ಜಾಗ. ತೂತನ್ನು ನಡುವೆ ಇಟ್ಟು ಮೇಲಿಂದ ನೋಡಿದರೆ ಕಾಯಿ ಸುಲಿದ ಕಿತ್ತಳೆ ಹಣ್ಣಿನ ತೊಳೆಗಳ ಹಾಗೆ ಭಾಗವಾಗಿರುತ್ತದೆ. ನನ್ನದರಲ್ಲಿ ಮೂರು ತೊಳೆ ದಪ್ಪ, ನಾಲ್ಕು ತೊಳೆ ಸಣ್ಣ. ಆ ನಾಲ್ಕೂ ಜೋಡಿ ಜೋಡಿಯಾಗಿ ಕೂತಿದ್ದವು, ಒಂದು ಜೋಡಿ ಸೇರಿದರೆ ಒಂದು ದಪ್ಪ ತೊಳೆಯಷ್ಟು. ಲೆಕ್ಕ ಸರಳ: ಐದರಲ್ಲಿ ಎರಡನ್ನು ಸೀಳಿದರೆ ಏಳು. ಅಸಲಿ ಏಳು ಮುಖಿಯಲ್ಲೂ ತೊಳೆಗಳು ಸ್ವಲ್ಪ ಹೆಚ್ಚು ಕಮ್ಮಿ ಇರುತ್ತವೆ, ಅದಕ್ಕೇ ಇದೊಂದನ್ನೇ ನೋಡಿ ತೀರ್ಮಾನ ಮಾಡಬಾರದು. ಉಬ್ಬು ಸೀಳಿರುವುದೂ ಜೊತೆಗೆ ಕಂಡರೆ ಅನುಮಾನವೇ ಬೇಡ.

ಐದು ಮುಖಿಯನ್ನೇ ಯಾಕೆ ಕೊರೆಯುತ್ತಾರೆ ಅಂದರೆ, ಅದು ಎಲ್ಲಕ್ಕಿಂತ ಜಾಸ್ತಿ ಸಿಗುವ ಕಾಯಿ, ಬೆಲೆಯೂ ತೀರಾ ಕಮ್ಮಿ. ಎರಡು ಗೆರೆ ಕೊರೆದರೆ ಸಾವಿರಗಟ್ಟಲೆ ಬೆಲೆ ಬಂತಲ್ಲ. ಹೊಸದಾಗಿ ಕೊರೆದ ಗೆರೆಯ ಒಳಗಿನ ಬಣ್ಣ ತಿಳಿಯಾಗಿ ಕಾಣುತ್ತದೆ. ಅದನ್ನು ಮುಚ್ಚಲೇ ಎಣ್ಣೆ, ಬಣ್ಣ ಹಚ್ಚುವುದು. ಫೋಟೋದಲ್ಲಿ ನಾನು ಮೆಚ್ಚಿದ ಆ ಹೊಳಪು ಅದೇ. ಆದರೆ ಹೊಳಪು ಇದ್ದದ್ದೆಲ್ಲ ಮೋಸ ಅಲ್ಲ. ಅಪ್ಪನ ಹಳೆಯ ಕಾಯಿ ಮೂವತ್ತು ವರ್ಷ ಮೈಗೆ ತಾಗಿ ಹೊಳೆಯುತ್ತದೆ. ಅದರ ಉಬ್ಬುಗಳ ತುದಿ ಮಾತ್ರ ಸವೆದು ಹೊಳೆಯುತ್ತದೆ, ಸಂದು ಮಂಕಾಗಿದೆ. ನನಗೆ ಬಂದದ್ದು ಸಂದಿಯಲ್ಲೂ ಅಷ್ಟೇ ಹೊಳೆಯುತ್ತಿತ್ತು.

ನನಗೆ ಇನ್ನೂ ಮನಸ್ಸು ಒಪ್ಪಲಿಲ್ಲ. ಕಾಕಾ "ಕೊಯ್ದು ನೋಡೂಣೇನು?" ಅಂದರು. ಹಣ ಹೇಗೂ ಹೋಗಿದೆ, ಹೂಂ ಅಂದೆ. ಸಣ್ಣ ಗರಗಸದಲ್ಲಿ ಅಡ್ಡ ಕೊಯ್ದರು. ಒಳಗೆ ಐದೇ ಕೋಣೆ. ಕೊರೆದ ಎರಡು ಗೆರೆಯ ಕೆಳಗೆ ಬರೀ ಗಟ್ಟಿ ಗೋಡೆ. ಕೊಯ್ಯದೆ ನೋಡಬೇಕೆಂದರೆ ಎಕ್ಸ್‌ರೇ ತೆಗೆಸಬೇಕು, ಅದರಲ್ಲೂ ಕೋಣೆಗಳು ಕಾಣುತ್ತವೆ. ಕಾಯಿ ಜೊತೆ ಅದು ಅಸಲಿ ಅಂತ ಹೇಳುವ ಲ್ಯಾಬಿನ ಕಾರ್ಡ್ ಬಂದಿತ್ತಲ್ಲ ಅಂತ ಆಗ ನೆನಪಾಯಿತು. ತೆಗೆದು ನೋಡಿದರೆ ಕಾರ್ಡಿನ ಫೋಟೋದಲ್ಲಿರುವ ಕಾಯಿಯೇ ಬೇರೆ, ಉಬ್ಬುಗಳ ಜಾಗ ಒಂದೂ ಹೊಂದುವುದಿಲ್ಲ.

ಮಾಲೆಯ ಕಥೆ ಇನ್ನೂ ಬೇಗ ಮುಗಿಯಿತು. ಬಂದಾಗ ಮನೆಯೆಲ್ಲ ಘಮಘಮ. ಹದಿನೈದು ದಿನದಲ್ಲಿ ವಾಸನೆ ಹೋಯಿತು. ಕಾಕಾ ಮತ್ತೆ ತೂತನ್ನೇ ನೋಡಿದರು. ಮಣಿಯ ಹೊರಗೆ ಕಂದು ಬಣ್ಣ, ತೂತಿನ ಒಳಗೆ ಬಿಳಿ. ಒಂದು ಮಣಿ ಸೀಳಿದರೆ ಉಗುರಿನ ದಪ್ಪದಷ್ಟು ಮಾತ್ರ ಬಣ್ಣ, ಒಳಗೆ ವಾಸನೆ ಚೂರೂ ಇಲ್ಲ. ಶ್ರೀಗಂಧದಲ್ಲಿ ಪರಿಮಳ ಇರುವುದು ನಡುವಿನ ಚೇಗಿನಲ್ಲಿ. ಸುತ್ತಲಿನ ಬಿಳಿ ಮರಕ್ಕೆ ವಾಸನೆ ಇಲ್ಲ. ಆದ್ದರಿಂದ ನನ್ನ ಮಣಿ ಶ್ರೀಗಂಧದ ಗಿಡದ್ದೇ ಬಿಳಿ ಭಾಗ ಇರಬಹುದಾ ಅಂತ ಕೇಳಿದೆ. ಕಾಕಾ ಮೊಬೈಲಿನಲ್ಲಿ ಹತ್ತಿರದ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದರು. ಮೈತುಂಬ ಸೂಜಿಯಿಂದ ಗೀರಿದ ಹಾಗೆ ಸಣ್ಣ ಸಣ್ಣ ಕಪ್ಪು ಗೀಟು. ಅವು ಮರದ ರಂಧ್ರಗಳು, ಬಣ್ಣ ಅದರಲ್ಲಿ ಕೂತು ಕಪ್ಪಾಗಿದೆ. ಶ್ರೀಗಂಧದ ಎಳೆ ತೀರಾ ನುಣುಪು, ರಂಧ್ರ ಬರಿಗಣ್ಣಿಗೆ ಕಾಣುವುದೇ ಇಲ್ಲ. ಇನ್ನೊಂದು, 108 ಮಣಿಗೂ ಒಂದೇ ಬಣ್ಣ. ಚೇಗಿನಿಂದ ಮಾಡಿದ ಮಣಿಯಾದರೆ ಒಂದು ತಿಳಿ ಹಳದಿ, ಒಂದು ಕಂದು, ಹೀಗೆ ಬಣ್ಣ ಏರುಪೇರು ಇರುತ್ತದೆ. ಆ ಏರುಪೇರು ನೋಡಿ ನಾವೇ "ಮಾಲೆ ಚೆನ್ನಾಗಿಲ್ಲ" ಅಂತ ಬಿಡುತ್ತೇವೆ, ಅಲ್ವಾ?

ಮಾರಿದವರಿಗೆ ಕೊಯ್ದ ಕಾಯಿಯ ಫೋಟೋ ಕಳಿಸಿದೆ. "ಕೊಯ್ದ ಮಾಲು ವಾಪಸ್ ಇಲ್ಲ" ಅಂತ ಉತ್ತರ ಬಂತು, ಆಮೇಲೆ ನಂಬರ್ ಬ್ಲಾಕ್. ಕೊಯ್ಯುವ ಮೊದಲೇ ತೂತಿನ ಫೋಟೋ ತೆಗೆದು ಕೇಳಿದ್ದರೆ ವಾದಕ್ಕೆ ಏನಾದರೂ ಉಳಿಯುತ್ತಿತ್ತು. ಅದು ನನ್ನದೇ ತಪ್ಪು.

ಈಗ ಯಾರ ಹತ್ತಿರ ವಿಚಾರಿಸಿದರೂ ಇಷ್ಟು ಕೇಳುತ್ತೇನೆ: ಎಣ್ಣೆ ಒರೆಸಿ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಎರಡೂ ತೂತಿನ ಕಡೆಯಿಂದ ಒಂದೊಂದು ಫೋಟೋ. ಆಮೇಲೆ ಕಾಯಿಯನ್ನು ಒಂದು ಸುತ್ತು ತಿರುಗಿಸುವ ಸಣ್ಣ ವಿಡಿಯೋ. ಮಾಲೆಯಾದರೆ ದಾರದಿಂದ ಬಿಚ್ಚಿದ ಒಂದು ಮಣಿ, ತೂತು ಕ್ಯಾಮೆರಾಕ್ಕೆ ಎದುರಾಗಿ. ಕಳೆದ ತಿಂಗಳು ಮೂವರಿಗೆ ಹೀಗೆ ಕೇಳಿದೆ. ಒಬ್ಬರು ಹಳೆಯ ಫೋಟೋವನ್ನೇ ಮತ್ತೆ ಕಳಿಸಿದರು. ಒಬ್ಬರು "ನಂಬಿಕೆ ಇಲ್ಲದವರಿಗೆ ರುದ್ರಾಕ್ಷಿ ಫಲ ಕೊಡಲ್ಲ" ಅಂದರು. ಮೂರನೆಯವರು ಕೇಳಿದ ಹಾಗೇ ಕಳಿಸಿ, "ಇದು ಆರು ಮುಖಿ ಸರ್, ಏಳು ಸದ್ಯಕ್ಕೆ ಇಲ್ಲ" ಅಂದರು. ಎಣಿಸಿದೆ, ಆರೇ ಇತ್ತು.