ಮನೆ ಬೀಗ ಹಾಕುವ ಮುಂಚೆ ಬಿಸಿನೀರಿನ ನಲ್ಲಿ ತಿರುಗಿಸಿ ನೋಡಿ!

ಹಾಸನದಲ್ಲಿ ಮೇಲೆ ಸೋಲಾರ್ ಇರುವ ಮನೆಯವರೆಲ್ಲ ಇದನ್ನು ಓದಿ. ಮೂರು ವಾರ ಮನೆ ಖಾಲಿ ಇರುತ್ತದೆ, ನೀರೆಲ್ಲ ಬಂದ್ ಮಾಡಿಕೊಡಪ್ಪ ಅಂತ ಪ್ಲಂಬರ್‌ಗೆ ದುಡ್ಡು ಕೊಟ್ಟಿದ್ದು. ಟ್ಯಾಂಕ್ ಹತ್ತಿರದ ವಾಲ್ವ್ ತಿರುಗಿಸಿ ಬಂದು, ಅಡುಗೆಮನೆ ನಲ್ಲಿ ಬಿಟ್ಟು ತೋರಿಸಿದ. "ನೋಡಿ ಸಾರ್, ಒಂದು ಹನಿ ಬರಲ್ಲ." ನಿಜ, ಬರಲಿಲ್ಲ. ಅವನು ತೋರಿಸಿದ್ದು ತಣ್ಣೀರಿನ ನಲ್ಲಿ! ಪಕ್ಕದ ಬಿಸಿನೀರಿನದನ್ನು ಅವನೂ ಮುಟ್ಟಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸೋಲಾರ್‌ಗೆ ನೀರು ಹೋಗುವುದು ಟ್ಯಾಂಕಿನಿಂದ ಬೇರೆ ಪೈಪಿನಲ್ಲಿ. ಮನೆಯ ಲೈನ್ ಮುಚ್ಚಿದರೂ ಬಿಸಿನೀರಿನ ಲೈನಿನಲ್ಲಿ ಒತ್ತಡ ಹಾಗೇ ಇರುತ್ತದೆ. ವಾಶ್‌ಬೇಸಿನ್ ಕೆಳಗಿನ ಕನೆಕ್ಷನ್ ಪೈಪ್ ಒಡೆಯಿತು. ಸೋಲಾರ್ ಖಾಲಿಯಾದಂತೆ ಟ್ಯಾಂಕ್ ಅದನ್ನು ತುಂಬುತ್ತಾ ಹೋಯಿತು. ನಿಮಿಷಕ್ಕೆ 10 ಲೀಟರ್ ಅಂದರೂ 1000 ಲೀಟರ್ ಟ್ಯಾಂಕಿಗೆ ಎರಡು ಗಂಟೆ ಬೇಡ. ಮೋಟಾರ್ ಆಟೋಮ್ಯಾಟಿಕ್ ಆಗಿದ್ದರಿಂದ ಸಂಪಿನ ನೀರೂ ಮೇಲೆ ಹತ್ತಿ ಕೆಳಗಿಳಿಯಿತು. ಬಾಗಿಲು, ವಾರ್ಡ್‌ರೋಬ್ ಎಲ್ಲ ಉಬ್ಬಿ ಹೋಗಿವೆ.

ಫೋನ್ ಮಾಡಿದರೆ "ಬಿಸಿನೀರು ಅಂತ ನೀವು ಹೇಳಿರಲಿಲ್ಲವಲ್ಲ ಸಾರ್" ಅಂದ. "ನೀರೆಲ್ಲ" ಅಂದರೆ ಏನಪ್ಪ ಮತ್ತೆ? "ಪೈಪ್ ಹಳೇದು, ನಾನೇನು ಮಾಡ್ಲಿ?" ಆಮೇಲೆ ಫೋನೇ ಎತ್ತಲಿಲ್ಲ.

ನೀವೇ ಮಾಡಿ. ಮೊದಲು ಮೋಟಾರಿನ ಎಂಸಿಬಿ ಇಳಿಸಿ. ಟ್ಯಾಂಕಿನಿಂದ ಮನೆಗೆ ಇಳಿಯುವ ವಾಲ್ವ್ ಮುಚ್ಚಿ, ಸೋಲಾರ್‌ನಿಂದ ಮನೆಗೆ ಬರುವ ಬಿಸಿನೀರಿನ ವಾಲ್ವನ್ನೂ ಮುಚ್ಚಿ. ಬಾಲ್ ವಾಲ್ವ್ ಹಿಡಿ ಪೈಪಿಗೆ ಅಡ್ಡ ನಿಂತರೆ ಮುಚ್ಚಿದೆ ಎಂದರ್ಥ. ಬಿಸಿನೀರಿಗೆ ವಾಲ್ವೇ ಇಲ್ಲದಿದ್ದರೆ ಹಾಕಿಸಿ, ಆದರೆ ಗಾಳಿ ಹೋಗಲು ಮೇಲೆ ನಿಂತಿರುವ ಪೈಪಿಗೆ ಮಾತ್ರ ಯಾವತ್ತೂ ಬೇಡ. ಸೋಲಾರ್‌ಗೆ ತಣ್ಣೀರು ಬರುವುದನ್ನು ಮುಚ್ಚಬೇಡಿ, ಅದರ ನೀರನ್ನೂ ಖಾಲಿ ಮಾಡಬೇಡಿ. ಒಣಗಿ ಕಾದ ಗಾಜಿನ ಟ್ಯೂಬಿಗೆ ಬಿಸಿಲಲ್ಲಿ ತಣ್ಣೀರು ನುಗ್ಗಿದರೆ ಅದು ಸೀಳುತ್ತದೆ.

ಈಗ ಎಲ್ಲಕ್ಕಿಂತ ಕೆಳಗಿನ ನಲ್ಲಿ ಬಿಡಿ, ತಣ್ಣೀರು ಬಿಸಿನೀರು ಎರಡೂ. ಮೇಲಂತಸ್ತಿನ ಒಂದು ನಲ್ಲಿಯನ್ನೂ ಬಿಡಿ, ಗಾಳಿ ಒಳಗೆ ಹೋದರೆ ಪೈಪ್ ಬೇಗ ಖಾಲಿಯಾಗುತ್ತದೆ. ಸ್ವಲ್ಪ ಹೊತ್ತು ಸುರಿದು ನಿಲ್ಲಬೇಕು. ಹತ್ತು ನಿಮಿಷವಾದರೂ ಸಣ್ಣ ಧಾರೆ ಬರುತ್ತಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಹಳೇ ಗೇಟ್ ವಾಲ್ವ್‌ಗಳ ಕಥೆ ಇದೇ, ಬದಲಾಯಿಸದೆ ಹೊರಡಬೇಡಿ. ನಿಂತ ಮೇಲೆ ನಲ್ಲಿಗಳನ್ನೆಲ್ಲ ಮುಚ್ಚಿ.

ಬಚ್ಚಲಿನ ಜಾಲರಿಗೆ ಒಂದು ಚೊಂಬು ನೀರು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿ. ಇಲ್ಲದಿದ್ದರೆ ಒಳಗಿನ ನೀರು ಆರಿ ವಾಸನೆ, ಜಿರಲೆ.

ವಾಪಸ್ ಬಂದಾಗ ವಾಲ್ವ್ ನಿಧಾನ ತೆಗೆಯಿರಿ. ಶವರ್ ತಲೆ, ನಲ್ಲಿ ತುದಿಯ ಜಾಲರಿ ಬಿಚ್ಚಿ ಪ್ರತಿಯೊಂದನ್ನೂ ಐದು ನಿಮಿಷ ಹರಿಸಿ, ಕಿಟಕಿ ತೆರೆದಿರಲಿ. ನಿಂತ ನೀರಿನಲ್ಲಿ ಬೆಳೆಯುವ ಲೀಜಿಯೊನೆಲ್ಲಾ ಎಂಬ ರೋಗಾಣು ತುಂತುರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಗೀಸರ್ ಇದ್ದರೆ ಅದರ ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಬಂದ ಮೇಲಷ್ಟೇ ಸ್ವಿಚ್ ಹಾಕಿ. ಖಾಲಿ ಗೀಸರ್ ಆನ್ ಮಾಡಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಪ್ಲಂಬರ್ ಕರೆಸಿದರೂ ಎರಡೂ ನಲ್ಲಿ ಬಿಟ್ಟು ತೋರಿಸುವವರೆಗೆ ದುಡ್ಡು ಕೊಡಬೇಡಿ.